ಹಾಸ್ಟೆಲ್ ಹುಡುಗಿಗೆ ಕಡಿಮೆ ಬಿದ್ದ 17 ಗ್ರಾಂ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗಿಗೆ 19 ವರ್ಷ, ತೂಕ 48 ಕಿಲೋ. ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ದಾವಣಗೆರೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತ ಹುಡುಗಿಯರ ಹಾಸ್ಟೆಲೊಂದರಲ್ಲಿದ್ದಾಳೆ. ಮನೆಯಲ್ಲಿ ಮೊಟ್ಟೆ ಮಾಂಸ ತಿನ್ನುವುದಿಲ್ಲ, ಹಾಸ್ಟೆಲ್ ಊಟವೂ ಪೂರ್ತಿ ಸಸ್ಯಾಹಾರಿ. ಅವಳ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ.

ಪೋಷಣಾ ಸಲಹೆಗೆಂದು ನನ್ನ ಹತ್ತಿರ ಬಂದಾಗ ಅವಳು ಹೇಳಿದ ತೊಂದರೆಗಳು ಮೂರು. ಹನ್ನೊಂದು ಗಂಟೆಯ ಕ್ಲಾಸಿನಲ್ಲಿ ಹಸಿವಾಗಿ ತಲೆ ನಿಲ್ಲುವುದಿಲ್ಲ, ಮೆಟ್ಟಿಲು ಹತ್ತಿದರೆ ಸುಸ್ತು, ತಲೆಗೂದಲು ಬಾಚಣಿಗೆ ತುಂಬ ಬರುತ್ತದೆ. ಯಾರೋ ಗೆಳತಿ ‘ನಿನಗೆ ಪ್ರೋಟೀನ್ ಕಡಿಮೆ’ ಎಂದಿದ್ದಳಂತೆ. ಅಂದಿನಿಂದ ತಿಂಗಳ ಕೈಖರ್ಚಿನಲ್ಲಿ ಮಾಲ್ಟ್ ಪುಡಿಯ ಡಬ್ಬಿ, ‘ಪ್ರೋಟೀನ್’ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತು ಎರಡನ್ನೂ ಕೊಳ್ಳುತ್ತಿದ್ದಳು. ಎರಡನ್ನೂ ಚೀಲದಲ್ಲಿ ತಂದಿದ್ದಳು.

“ಮೇಡಂ, ಇದ್ರಾಗ ಪ್ರೋಟೀನ್ ಐತಿ ಅಂತ ಬರದಾರಲ್ರೀ. ದಿನಾ ತಗೋತೀನಿ. ಆದ್ರೂ ಏನೂ ಫರಕ್ ಇಲ್ಲ.”

ಪ್ಯಾಕೆಟ್ಟಿಗೆ ಬರುವ ಮೊದಲು ಅವಳು ಒಂದು ದಿನದಲ್ಲಿ ಏನು ತಿನ್ನುತ್ತಾಳೆಂದು ಬರೆಸಿಕೊಂಡೆ. ಪ್ಯಾಕೆಟ್ಟಿನ ಅಂಕಿಯನ್ನು ಹೋಲಿಸಲು ಪಕ್ಕದಲ್ಲೊಂದು ಬೇಕಾದ ಅಂಕಿ ಇರಬೇಕು. ಅದಿಲ್ಲದಿದ್ದರೆ 7 ಗ್ರಾಂ ಹೆಚ್ಚೋ ಕಡಿಮೆಯೋ ಯಾರಿಗೂ ತಿಳಿಯುವುದಿಲ್ಲ.

ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ ಒಂದು ಪ್ಲೇಟು. ಇದರಲ್ಲಿ ಸುಮಾರು 5 ಗ್ರಾಂ ಪ್ರೋಟೀನ್. ಎರಡು ಹೊತ್ತಿನ ಚಹಾ, ಜೊತೆಗೆ ಬಿಸ್ಕತ್ತು ಸೇರಿ 4 ಗ್ರಾಂ. ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಒಂದು ಲೋಟ ನೀರು ಮಜ್ಜಿಗೆ ಸೇರಿ 10. ರಾತ್ರಿ ಎರಡು ಚಪಾತಿ, ಸ್ವಲ್ಪ ಅನ್ನ, ಸಾಂಬಾರು ಸೇರಿ 11. ಮಲಗುವ ಮುಂಚೆ ಬಿಸಿನೀರಿನಲ್ಲಿ ಎರಡು ಚಮಚ ಮಾಲ್ಟ್ ಪುಡಿ, ಅದರಿಂದ 1 ಗ್ರಾಂಗಿಂತ ಸ್ವಲ್ಪ ಹೆಚ್ಚು. ಒಟ್ಟು ಸುಮಾರು 31 ಗ್ರಾಂ.

ಬೇಕಾದದ್ದು ಎಷ್ಟು? ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಇವಳ ತೂಕಕ್ಕೆ ಅದು 40 ಗ್ರಾಂ ಆಗುತ್ತದೆ. ಆದರೆ ಈ ಲೆಕ್ಕ ಒಳ್ಳೆಯ ಗುಣಮಟ್ಟದ ಪ್ರೋಟೀನಿಗೆ. ಅಕ್ಕಿ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಅದನ್ನು ತುಂಬಿಕೊಡುವುದು ಬೇಳೆಕಾಳು ಮತ್ತು ಹಾಲು. ಇವಳ 31 ಗ್ರಾಂನಲ್ಲಿ ಬಹುಪಾಲು ಅಕ್ಕಿ ಗೋಧಿಯಿಂದಲೇ ಬರುತ್ತಿತ್ತು. ಹಾಗಾಗಿ ಕಿಲೋಗೆ 1 ಗ್ರಾಂ ಎಂದು ಹಿಡಿಯುವುದು ಕ್ಷೇಮವೆಂದು ನನಗನ್ನಿಸಿತು. 48 ಬೇಕು, 31 ಇದೆ. ಕೊರತೆ 17 ಗ್ರಾಂ, ಅದೂ ಬೇಳೆಕಾಳು ಅಥವಾ ಹಾಲು ಮೊಸರಿನಿಂದ ಬರಬೇಕು.

ಈ ಸಂಖ್ಯೆ ಕೇಳಿ ಅವಳಿಗೆ ಆಶ್ಚರ್ಯವಾಯಿತು. ಜಿಮ್ಮಿಗೆ ಹೋಗುವ ಹುಡುಗರ ಮಾತು ಕೇಳಿ 80, 100 ಗ್ರಾಂ ಬೇಕೇನೋ ಎಂದುಕೊಂಡಿದ್ದಳು. ದಿನಕ್ಕೆ 17 ಗ್ರಾಂ ಹಾಸ್ಟೆಲ್ ರೂಮಿನಲ್ಲಿ ಕೂತು ತುಂಬಿಸಬಹುದಾದ ಕೊರತೆ, ಡಬ್ಬಿಯ ಪುಡಿ ಅದಕ್ಕೆ ಬೇಕಾಗಿಲ್ಲ.

ಪ್ಯಾಕೆಟ್ಟಿನ ಹಿಂಬದಿ

ಮೊದಲು ಮಾಲ್ಟ್ ಡಬ್ಬಿಯನ್ನು ತಿರುಗಿಸಿದೆವು. ಇಲ್ಲೊಂದು ಮಾತು ಹೇಳಬೇಕು. ನಮ್ಮ ದೇಶದ ನಿಯಮದಂತೆ ಲೇಬಲ್ಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು, ಆ ನಿಯಮದಲ್ಲಿ ಕನ್ನಡ ಹಾಕಬೇಕೆಂಬ ಕಡ್ಡಾಯವಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಈ ಹುಡುಗಿ ಪ್ಯಾಕೆಟ್ಟಿನ ಮುಂಬದಿಯ ದೊಡ್ಡ ಅಕ್ಷರವನ್ನೇ ನಂಬಿದ್ದಕ್ಕೆ ಅದೂ ಒಂದು ಕಾರಣ. ಹಿಂದಿನ ಸಣ್ಣ ಅಕ್ಷರ ತನಗಲ್ಲ ಎಂದುಕೊಂಡಿದ್ದಳು. ನಿಜಕ್ಕೂ ಅಲ್ಲಿ ತಿಳಿಯಬೇಕಾದ ಪದಗಳು ಹತ್ತನ್ನು ದಾಟುವುದಿಲ್ಲ.

ಪೋಷಕಾಂಶದ ಪಟ್ಟಿಯಲ್ಲಿ ಮೂರು ಕಂಬಗಳಿದ್ದವು. ಒಂದು ‘ಪರ್ 100 ಗ್ರಾಂ’, ಇನ್ನೊಂದು ‘ಪರ್ ಸರ್ವ್’, ಮತ್ತೊಂದು ‘200 ಎಂ.ಎಲ್. ಹಾಲಿನ ಜೊತೆ’. ಅವಳ ಕಣ್ಣು ನೇರ ಮೂರನೆಯದಕ್ಕೆ ಹೋಯಿತು, ಏಕೆಂದರೆ ಅಲ್ಲಿ ಪ್ರೋಟೀನಿನ ಅಂಕಿ ಎಲ್ಲಕ್ಕಿಂತ ದೊಡ್ಡದು: 8 ಗ್ರಾಂ. ಮೊದಲ ಕಂಬದಲ್ಲಿ 100 ಗ್ರಾಂ ಪುಡಿಗೆ 7 ಗ್ರಾಂ ಎಂದಿತ್ತು. ಒಂದು ಸಲಕ್ಕೆ 30 ಗ್ರಾಂ ಪುಡಿ ಎಂದು ಕಂಪನಿ ಹೇಳಿರುವುದರಿಂದ ಪುಡಿಯಿಂದ ಬರುವುದು 2 ಗ್ರಾಂ. ಉಳಿದ 6 ಎಲ್ಲಿಂದ ಬಂತು?

ಅವಳು ಬಿ.ಕಾಂ. ಹುಡುಗಿ, ಲೆಕ್ಕ ಬಿಡುವವಳಲ್ಲ. ಸ್ವಲ್ಪ ಹೊತ್ತು ನೋಡಿ, “ಹಾಲಿಂದು ಇದ್ರ ಖಾತೆಗೆ ಬರಕೊಂಡಾರ್ರೀ” ಎಂದಳು. ಅದೇ ಸರಿ. ಒಂದು ಲೋಟ ಹಾಲಿನಲ್ಲಿ ಹೇಗೂ 6 ಗ್ರಾಂ ಪ್ರೋಟೀನ್ ಇರುತ್ತದೆ. ಅವಳು ಕುಡಿಯುತ್ತಿದ್ದದ್ದು ಹಾಲಲ್ಲ, ಬಿಸಿನೀರು. ಹಾಕುತ್ತಿದ್ದದ್ದು 30 ಗ್ರಾಂ ಅಲ್ಲ, 20. ಹೀಗೆ ಲೇಬಲ್ಲಿನ 8 ಗ್ರಾಂ ಅವಳ ಲೋಟದಲ್ಲಿ 1.4 ಆಗಿತ್ತು. ಪದಾರ್ಥಗಳ ಪಟ್ಟಿಯಲ್ಲಿ ಧಾನ್ಯದ ನಂತರ ಎರಡನೆಯದೇ ಸಕ್ಕರೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ, ಆದ್ದರಿಂದ ಎರಡನೆಯ ಜಾಗದಲ್ಲಿರುವುದು ಚಿಟಿಕೆಯಷ್ಟಿರುವ ವಸ್ತುವಲ್ಲ. ಆ 400 ಗ್ರಾಂ ಡಬ್ಬಿ ಪೂರ್ತಿ ಖಾಲಿಯಾದರೂ ಅವಳಿಗೆ ಸಿಗುವ ಪ್ರೋಟೀನ್ 28 ಗ್ರಾಂ. ಅರ್ಧ ಕಿಲೋ ಹೆಸರುಕಾಳಿನಲ್ಲಿ ಸುಮಾರು 110 ಗ್ರಾಂ ಇರುತ್ತದೆ.

ಆಮೇಲೆ ಬಿಸ್ಕತ್ತು. ಹಿಂಬದಿಯಲ್ಲಿ 100 ಗ್ರಾಂಗೆ 10 ಗ್ರಾಂ ಪ್ರೋಟೀನ್, ಒಂದು ಸರ್ವ್ ಅಂದರೆ ಮೂರು ಬಿಸ್ಕತ್ತು, 25 ಗ್ರಾಂ ಎಂದಿತ್ತು. ಮೂರು ಬಿಸ್ಕತ್ತಿಗೆ 2.5 ಗ್ರಾಂ. “ಇದು ಪರವಾಗಿಲ್ಲ ಅಲ್ರೀ?” ಎಂದಳು. ಹಾಸ್ಟೆಲ್ ಕೆಳಗಿನ ಅಂಗಡಿಯಿಂದ ಸಾಮಾನ್ಯ ಗ್ಲುಕೋಸ್ ಬಿಸ್ಕತ್ತು ತಂದು ಪಕ್ಕದಲ್ಲಿಟ್ಟು ನೋಡು ಎಂದು ಕಳಿಸಿದೆ. ಅದರಲ್ಲಿ 100 ಗ್ರಾಂಗೆ 7 ಗ್ರಾಂ ಇತ್ತು. ಮೈದಾ ಗೋಧಿಯದೇ ಆದ್ದರಿಂದ ಸಾಮಾನ್ಯ ಬಿಸ್ಕತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟು ಇರುತ್ತದೆ. ಮೂರು ಬಿಸ್ಕತ್ತಿನ ಲೆಕ್ಕದಲ್ಲಿ ಎರಡರ ನಡುವಿನ ಅಂತರ ಮುಕ್ಕಾಲು ಗ್ರಾಂ. ದುಬಾರಿ ಪ್ಯಾಕೆಟ್ಟಿಗೆ ಅವಳು ಹೆಚ್ಚು ಹಣ ಕೊಡುತ್ತಿದ್ದದ್ದು ಆ ಮುಕ್ಕಾಲು ಗ್ರಾಂಗೆ. ಪದಾರ್ಥದ ಪಟ್ಟಿಯೂ ಅದನ್ನೇ ಹೇಳುತ್ತಿತ್ತು: ಮೈದಾ, ಸಕ್ಕರೆ, ತಾಳೆ ಎಣ್ಣೆ, ಎಲ್ಲ ಮುಗಿದ ಮೇಲೆ ಸೋಯಾ ಪ್ರೋಟೀನ್, ಪಕ್ಕದಲ್ಲಿ ‘4%’. ಹೊದಿಕೆಯ ಮೇಲೆ ಯಾವ ಪದಾರ್ಥವನ್ನು ಎತ್ತಿ ಹೇಳುತ್ತಾರೋ ಅದು ಎಷ್ಟು ಶೇಕಡಾ ಇದೆ ಎಂದು ತಿಳಿಸಬೇಕು. ಆ ಸಣ್ಣ ಶೇಕಡಾವನ್ನು ಓದುವುದು ನನಗೆ ಯಾವಾಗಲೂ ಮುಂಬದಿಯ ಚಿತ್ರ ನೋಡುವುದಕ್ಕಿಂತ ಉಪಯೋಗವಾಗಿದೆ.

“ಹಂಗಾರ ಇದು ಸುಳ್ಳು ಬರದಂಗ ಆಗಂಗಿಲ್ಲೇನ್ರೀ?” ಎಂದು ಕೇಳಿದಳು. ಇಲ್ಲ, ನಿಯಮವನ್ನು ಓದಿದರೆ ಇದು ಅರ್ಥವಾಗುತ್ತದೆ. ಎಫ್‌ಎಸ್‌ಎಸ್‌ಎಐ, ಅಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮದಂತೆ, ಘನ ಆಹಾರದ 100 ಗ್ರಾಂನಲ್ಲಿ ದಿನದ ಪ್ರೋಟೀನ್ ಶಿಫಾರಸಿನ ಶೇ. 10 ಇದ್ದರೆ ಅದನ್ನು ಪ್ರೋಟೀನಿನ ಮೂಲ ಎನ್ನಬಹುದು, ಶೇ. 20 ಇದ್ದರೆ ಪ್ರೋಟೀನ್ ಸಮೃದ್ಧ ಎನ್ನಬಹುದು. ಗಂಡಸಿನ 54 ಗ್ರಾಂ ಶಿಫಾರಸು ಹಿಡಿದರೂ ಮೊದಲನೆಯದಕ್ಕೆ ಐದೂವರೆ ಗ್ರಾಂ, ಎರಡನೆಯದಕ್ಕೆ 11 ಗ್ರಾಂ ಸಾಕು. ಅಳತೆ ಇರುವುದು 100 ಗ್ರಾಂಗೆ, ತಿನ್ನುವುದು 25 ಗ್ರಾಂ. ಕಾನೂನು ಮೀರದೆಯೇ ದೊಡ್ಡ ಅಕ್ಷರ ಹಾಕಲು ಅಷ್ಟು ಜಾಗವಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಿಂದ ತೆಗೆಯಲು ಹೇಳಿತು. ಅದು ಒಳ್ಳೆಯ ಹೆಜ್ಜೆಯೇ, ಆದರೆ ಡಬ್ಬಿಯ ಹಿಂಬದಿ ಓದುವ ಕೆಲಸ ಅದರಿಂದ ತಪ್ಪುವುದಿಲ್ಲ.

ಅಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದದ್ದು ಮೂರೇ ಪ್ರಶ್ನೆ. ಈ ಅಂಕಿ ಎಷ್ಟು ಗ್ರಾಂಗೆ? ನಾನು ಒಂದು ಸಲಕ್ಕೆ ಎಷ್ಟು ಗ್ರಾಂ ತಿನ್ನುತ್ತೇನೆ? ಇದು ಹಸಿ ತೂಕವೋ, ಬೇಯಿಸಿದ ತೂಕವೋ? ಮೂರನೆಯದು ಅವತ್ತು ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ.

52 ಗ್ರಾಂ ಎಲ್ಲಿ ಹೋಯಿತು?

ಮುಂದಿನ ಸಲ ಬಂದಾಗ ಮುಖದಲ್ಲಿ ಗೆಲುವಿತ್ತು. ಅಂಗಡಿಯಲ್ಲಿ ಒಂದೊಂದೇ ಪ್ಯಾಕೆಟ್ ತಿರುಗಿಸಿ ನೋಡಿ ಕೊನೆಗೆ ಸೋಯಾ ಚಂಕ್ಸ್ ಸಿಕ್ಕಿತ್ತು. 100 ಗ್ರಾಂಗೆ 52 ಗ್ರಾಂ ಪ್ರೋಟೀನ್, ಪದಾರ್ಥದ ಪಟ್ಟಿಯಲ್ಲಿ ಎಣ್ಣೆ ತೆಗೆದ ಸೋಯಾ ಹಿಟ್ಟು ಒಂದೇ. “ಒಂದ್ ಬಟ್ಟಲ ಪಲ್ಯ ತಿಂದ್ರ ದಿನದ್ದೆಲ್ಲಾ ಮುಗೀತ್ರೀ. ತೂಕ ಮಾಡೀನಿ, ನೂರು ಗ್ರಾಂ ಇತ್ತು.”

ತೂಕ ಮಾಡಿದ್ದು ಯಾವಾಗ ಎಂದು ಕೇಳಿದೆ. ಬೇಯಿಸಿ, ಹಿಂಡಿ ಆದಮೇಲೆ. ತಪ್ಪು ಇರುವುದು ಅಲ್ಲೇ, ಮತ್ತು ಲೇಬಲ್ ಓದಲು ಕಲಿತವರೂ ಹೆಚ್ಚಾಗಿ ಎಡವುವುದು ಅಲ್ಲೇ. ಪ್ಯಾಕೆಟ್ಟಿನ 52 ಒಣ ಚಂಕ್ಸಿನ ಲೆಕ್ಕ. ನೀರು ಕುಡಿದಾಗ ಅದರ ತೂಕ ಸುಮಾರು ಮೂರು ಪಟ್ಟಾಗುತ್ತದೆ, ಪ್ರೋಟೀನ್ ಮಾತ್ರ ಇದ್ದಷ್ಟೇ ಇರುತ್ತದೆ. ಅವಳ 100 ಗ್ರಾಂ ಪಲ್ಯದಲ್ಲಿ ಒಣ ಸೋಯಾ ಇದ್ದದ್ದು ಸುಮಾರು 33 ಗ್ರಾಂ, ಪ್ರೋಟೀನ್ 17. ಹಾಗೆಂದು ಅದು ಕಡಿಮೆಯಲ್ಲ. ಅವಳ ಕೊರತೆ ಇದ್ದದ್ದೂ ಅಷ್ಟೇ. ಆದರೆ 52 ಬಂತೆಂದು ನಂಬಿ ಉಳಿದ ಹೊತ್ತಿನ ಬೇಳೆ, ಮೊಸರು ಬಿಟ್ಟಿದ್ದರೆ ಮತ್ತೆ ಕೊರತೆಯೇ ಆಗುತ್ತಿತ್ತು.

ಮೊಳಕೆಕಾಳಿಗೂ ಇದೇ ಮಾತು. ಮೊಳಕೆ ಬರಿಸಿದರೆ ಪ್ರೋಟೀನ್ ಹೆಚ್ಚುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. 40 ಗ್ರಾಂ ಹೆಸರುಕಾಳು ಮೊಳಕೆಯಾಗಿ ದೊಡ್ಡ ಬಟ್ಟಲು ತುಂಬಿದರೂ ಅದರಲ್ಲಿರುವುದು ಆ 40 ಗ್ರಾಂ ಕಾಳಿನ 9 ಗ್ರಾಂ ಪ್ರೋಟೀನೇ. ಹೆಚ್ಚಿದ್ದು ನೀರು. ಮೊಳಕೆಯಿಂದ ಬೇರೆ ಲಾಭಗಳಿವೆ: ಬೇಗ ಬೇಯುತ್ತದೆ, ಜೀರ್ಣಕ್ಕೆ ಹಗುರ, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪ ಸುಲಭವಾಗುತ್ತದೆ.

ತಕ್ಕಡಿ ಇಲ್ಲದ ಹಾಸ್ಟೆಲಿನಲ್ಲಿ ಒಣ ತೂಕ ಅಳೆಯುವುದು ಹೇಗೆ? ಆ ಸಲ ಪಕ್ಕದ ರೂಮಿನವರ ಸಣ್ಣ ತಕ್ಕಡಿ ಎರವಲು ಪಡೆದಿದ್ದಳು, ದಿನಾ ಅದು ಆಗುವುದಿಲ್ಲ. ಉತ್ತರ ಅವಳೇ ಹುಡುಕಿದಳು, ಅದೂ ಲೇಬಲ್ಲಿನಿಂದಲೇ. ಪ್ಯಾಕೆಟ್ಟಿನ ಮೇಲೆ ‘ನೆಟ್ ಕ್ವಾಂಟಿಟಿ’ ಇರುತ್ತದಲ್ಲ. 200 ಗ್ರಾಂ ಸೋಯಾ ಪ್ಯಾಕೆಟ್ಟನ್ನು ಕಾಗದದ ಮೇಲೆ ಸುರಿದು ಎಂಟು ಸಮ ಪಾಲು ಮಾಡಿ ಪೊಟ್ಟಣ ಕಟ್ಟಿದಳು. ಒಂದೊಂದು 25 ಗ್ರಾಂ, ಪ್ರೋಟೀನ್ 13. ಅರ್ಧ ಕಿಲೋ ಹೆಸರುಕಾಳನ್ನು ಹನ್ನೆರಡು ಪಾಲು ಮಾಡಿದರೆ ಒಂದೊಂದು 40 ಗ್ರಾಂಗಿಂತ ತುಸು ಹೆಚ್ಚು. ಈ ಉಪಾಯವನ್ನು ಆಮೇಲೆ ನಾನು ಬೇರೆಯವರಿಗೂ ಹೇಳಿಕೊಟ್ಟಿದ್ದೇನೆ.

ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಪುಟಾಣಿ, ಶೇಂಗಾ, ಹುರುಳಿಗೆ ಲೇಬಲ್ಲೇ ಇರುವುದಿಲ್ಲ. ಅವಕ್ಕೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಸಂಯೋಜನೆಯ ಕೋಷ್ಟಕ ಇದೆ. ನೆನಪಿಡಲು ಒಂದೇ ಸಂಖ್ಯೆ ಸಾಕೆಂದು ಅವಳಿಗೆ ಹೇಳಿದೆ: ನಮ್ಮ ಒಣ ಬೇಳೆಕಾಳುಗಳಲ್ಲಿ ಸುಮಾರಾಗಿ 100ಕ್ಕೆ 20ರಿಂದ 24 ಗ್ರಾಂ ಪ್ರೋಟೀನ್. ಶೇಂಗಾವೂ ಅದೇ ಮಟ್ಟದ್ದು, ಆದರೆ ಅದರ ತೂಕದ ಅರ್ಧಕ್ಕೆ ಹತ್ತಿರದಷ್ಟು ಎಣ್ಣೆ. ತೆಳ್ಳಗಿರುವ ಈ ಹುಡುಗಿಗೆ ಆ ಎಣ್ಣೆಯಿಂದ ತೊಂದರೆಯಿಲ್ಲ, ಊರಿನಿಂದ ಅವ್ವ ಕಳಿಸುವ ಶೇಂಗಾ ಚಟ್ನಿಪುಡಿಯನ್ನು ಧಾರಾಳವಾಗಿ ತಿನ್ನು ಎಂದೆ. ತೂಕ ಇಳಿಸಬೇಕಾದವರಿಗೆ ಈ ಮಾತನ್ನು ಹೇಳುತ್ತಿರಲಿಲ್ಲ.

ಅಡುಗೆ

ಹಾಸ್ಟೆಲಿನಲ್ಲಿ ಒಂದು ಪುಟ್ಟ ಅಡುಗೆ ಮೂಲೆ ಇದೆ. ಒಂದು ಇಂಡಕ್ಷನ್ ಒಲೆ, ಒಂದು ಫ್ರಿಜ್. ಸಂಜೆ ಐದರಿಂದ ಎಂಟರವರೆಗೆ ಸರದಿಯಲ್ಲಿ ಬಳಸಬಹುದು. ರೂಮಿನ ಗೆಳತಿಯ ಹತ್ತಿರ ಮೂರು ಲೀಟರಿನ ಕುಕ್ಕರ್ ಇತ್ತು. ಇವಳ ಹತ್ತಿರ ಇದ್ದದ್ದು ಎಲೆಕ್ಟ್ರಿಕ್ ಕೆಟಲ್.

ಮೊದಲ ಪ್ರಯತ್ನ ಆ ಕೆಟಲ್ಲಿನಲ್ಲಿ ಹೆಸರುಬೇಳೆ. ನೊರೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು, ಬೇಳೆ ತಳ ಹಿಡಿಯಿತು, ಕೆಟಲ್ ತಾನಾಗಿ ಆಫ್ ಆಯಿತು. ನೀರು ಕುದಿಸುವ ಕೆಟಲ್ ಆವಿ ಬಂದ ಕೂಡಲೇ ನಿಲ್ಲುವಂತೆ ಮಾಡಿದ್ದು, ಬೇಳೆ ಬೇಯಲು ಬೇಕಾದಷ್ಟು ಹೊತ್ತು ಅದು ಕುದಿಸುವುದಿಲ್ಲ. ತಳದಲ್ಲಿ ಹಿಟ್ಟಿನಂಥದ್ದು ಕೂತರೆ ಕರಟುತ್ತದೆ, ವಿದ್ಯುತ್ ಭಾಗಕ್ಕೆ ಉಕ್ಕಿ ಹರಿದರೆ ಅಪಾಯ. ಕೆಟಲ್ ಇರುವುದು ಸೋಯಾ ನೆನೆಸುವ ಬಿಸಿನೀರಿಗೆ ಎಂದು ಅಲ್ಲಿಗೆ ತೀರ್ಮಾನವಾಯಿತು.

ನಿಂತು ಉಳಿದ ಅಡುಗೆ ಎರಡು. ಒಂದು ಹೆಸರುಕಾಳಿನ ಉಸುಳಿ. ಒಂದು ಪೊಟ್ಟಣ ಕಾಳನ್ನು ರಾತ್ರಿ ತೊಳೆದು ನೆನೆಹಾಕುತ್ತಾಳೆ. ಬೆಳಿಗ್ಗೆ ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಕ್ಲಾಸಿಗೆ ಹೋಗುತ್ತಾಳೆ. ಸಂಜೆ ಹೊತ್ತಿಗೆ ಸಣ್ಣ ಮೊಳಕೆ ಇಣುಕಿರುತ್ತದೆ. ಕಾಳು ಮುಳುಗುವಷ್ಟು ನೀರು, ಉಪ್ಪು, ಚಿಟಿಕೆ ಅರಿಸಿನ ಹಾಕಿ ಕುಕ್ಕರಿನಲ್ಲಿ ಒಂದೇ ಕೂಗು. ಎರಡು ಕೂಗಿಸಿದರೆ ಮುದ್ದೆಯಾಗುತ್ತದೆ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ, ಮೇಲೆ ಈರುಳ್ಳಿ, ನಿಂಬೆಹಣ್ಣು. ತೆಂಗಿನಕಾಯಿ ಸಿಕ್ಕ ದಿನ ತುರಿ. ಗೆಳತಿಯರಿಗೂ ಸೇರಿಸಿ ಮಾಡುವಾಗ ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡ ಎಂದು ಹೇಳಿದ್ದೆ, ಬೇಳೆಕಾಳಿನ ನೊರೆ ಮತ್ತು ಸಿಪ್ಪೆ ಆವಿಯ ದಾರಿಯನ್ನು ಕಟ್ಟಿಬಿಡಬಹುದು.

ಬೇಸಿಗೆಯಲ್ಲಿ ಒಂದು ಸಲ ಮೊಳಕೆ ಹಾಳಾಯಿತು. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಗೆ ಬಟ್ಟೆ ಬಿಚ್ಚಿದಾಗ ಹುಳಿ ವಾಸನೆ, ಕಾಳು ಮುಟ್ಟಿದರೆ ಲೋಳೆ. ತೊಳೆದು ಬೇಯಿಸಿದರೆ ಆಗುತ್ತದೆಯೇ ಎಂದು ಫೋನ್ ಮಾಡಿದಳು, ಚೆಲ್ಲಿಬಿಡು ಎಂದೆ. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಹಾಸ್ಟೆಲ್ ನೀರಿನಲ್ಲಿ ತೊಳೆದ ಹಸಿ ಮೊಳಕೆ ತಿನ್ನಬೇಡ, ಬೇಯಿಸಿಯೇ ತಿನ್ನು ಎಂದು ನಾನು ಒತ್ತಿ ಹೇಳುವುದೂ ಅದಕ್ಕೇ. ಬೇಸಿಗೆ ಮುಗಿಯುವವರೆಗೆ ಮೊಳಕೆ ಬಿಟ್ಟು, ನೆನೆಸಿದ ಕಾಳನ್ನೇ ಬೇಯಿಸಿದಳು. ಪ್ರೋಟೀನಿನ ಲೆಕ್ಕದಲ್ಲಿ ಏನೂ ಕಳೆದುಕೊಳ್ಳಲಿಲ್ಲ.

ಇನ್ನೊಂದು ಸೋಯಾ ಪಲ್ಯ, ಚಪಾತಿ ಇರುವ ರಾತ್ರಿಗಳಿಗೆ. ಮೊದಲ ಸಲ ಮಾಡಿದ್ದನ್ನು ರೂಮಿನವರು ಯಾರೂ ತಿನ್ನಲಿಲ್ಲ, ಹಸಿ ವಾಸನೆ ಹೊಡೆಯುತ್ತಿತ್ತು. ಸೋಯಾ ಚಂಕ್ಸನ್ನು ಕುದಿಯುವ ಉಪ್ಪುನೀರಿನಲ್ಲಿ ಏಳೆಂಟು ನಿಮಿಷ ಇಟ್ಟು, ಆ ನೀರು ಚೆಲ್ಲಿ, ತಣ್ಣೀರಿನಲ್ಲಿ ಹಾಕಿ ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಮತ್ತೆ ತಣ್ಣೀರು, ಮತ್ತೆ ಹಿಂಡುವುದು. ಹಿಂಡಿದ ನೀರು ನೊರೆಯಿಲ್ಲದೆ ತಿಳಿಯಾದರೆ ವಾಸನೆ ಹೋಯಿತೆಂದು ಅರ್ಥ. ಚೆನ್ನಾಗಿ ಹಿಂಡಿದ್ದಕ್ಕೆ ಮಸಾಲೆಯೂ ಒಳಗೆ ಇಳಿಯುತ್ತದೆ. ಆಮೇಲೆ ಈರುಳ್ಳಿ, ಟೊಮೆಟೊ ಬಾಡಿಸಿ, ಮನೆಯಿಂದ ತಂದ ಮಸಾಲಿ ಖಾರ ಹಾಕಿ, ಸೋಯಾ ಸೇರಿಸಿ ನೀರಾರುವವರೆಗೆ ಹುರಿದರೆ ಆಯಿತು. ಕೊನೆಗೆ ಒಂದು ಚಮಚ ಶೇಂಗಾ ಪುಡಿ ಉದುರಿಸುವುದು ಅವಳದೇ ಸೇರ್ಪಡೆ, ತುಂಬ ರುಚಿ.

ಎರಡನೆಯ ವಾರ ಹೊಟ್ಟೆ ಉಬ್ಬರದ ದೂರು ಬಂತು. ಉತ್ಸಾಹದಲ್ಲಿ ಒಂದೇ ದಿನ ಉಸುಳಿ, ಸೋಯಾ, ಪುಟಾಣಿ ಮೂರನ್ನೂ ತಿಂದಿದ್ದಳು. ಕಾಳುಗಳಲ್ಲಿರುವ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ ಅಲ್ಲಿ ವಾಯು ಆಗುತ್ತವೆ. ನೆನೆಸಿದ ನೀರು ಚೆಲ್ಲಿದರೆ ಅವು ಸ್ವಲ್ಪ ಕಡಿಮೆಯಾಗುತ್ತವೆ, ಉಳಿದದ್ದಕ್ಕೆ ಕರುಳು ನಿಧಾನವಾಗಿ ಒಗ್ಗಬೇಕು. ದಿನಕ್ಕೊಂದೇ ಕಾಳಿನ ಅಡುಗೆ, ಅರ್ಧ ಪೊಟ್ಟಣದಿಂದ ಶುರು ಎಂದು ಬದಲಿಸಿದೆವು. ಕೆಲವು ವಾರಗಳಲ್ಲಿ ಆ ದೂರು ನಿಂತಿತು.

ಅಡುಗೆ ಬೇಡದ ಬದಲಾವಣೆಗಳು ಎರಡು. ಬ್ಯಾಗಿನಲ್ಲಿ ಒಂದು ಸಣ್ಣ ಡಬ್ಬಿ ಪುಟಾಣಿ, ಹನ್ನೊಂದು ಗಂಟೆಗೆ ಅದರಿಂದ 30 ಗ್ರಾಂನಷ್ಟು. ಮಧ್ಯಾಹ್ನ ನೀರು ಮಜ್ಜಿಗೆಯ ಬದಲು ಅಂಗಡಿಯ ಮೊಸರು ಒಂದು ಬಟ್ಟಲು. ಮೊಸರು ಕೊಳ್ಳುವಾಗಲೂ ಹಿಂಬದಿ ಓದು ಎಂದೆ. ಹಣ್ಣಿನ ರುಚಿಯ ಮೊಸರಿನ ಕಪ್ಪಿನಲ್ಲಿ ‘ಆ್ಯಡೆಡ್ ಶುಗರ್’ ಎಂಬ ಸಾಲು ಬೇರೆಯಾಗಿಯೇ ಇರುತ್ತದೆ, ಸಾದಾ ಮೊಸರಿನಲ್ಲಿ ಅದು ಸೊನ್ನೆ.

ಎರಡನೆಯ ಲೆಕ್ಕ

ಸೆಮಿಸ್ಟರ್ ನಡುವೆ ಮತ್ತೊಂದು ದಿನದ ಊಟ ಬರೆಸಿಕೊಂಡೆ. ತಿಂಡಿ 5, ಪುಟಾಣಿ 6, ಮೊಸರು ಸೇರಿದ ಮಧ್ಯಾಹ್ನದ ಊಟ 13.5, ಚಹಾ 3, ಸಂಜೆ ಉಸುಳಿ 9, ರಾತ್ರಿ ಊಟ 11. ಒಟ್ಟು 47.5 ಗ್ರಾಂ. ಉಸುಳಿಯ ಬದಲು ಸೋಯಾ ಮಾಡಿದ ದಿನ ಇನ್ನೂ 4 ಹೆಚ್ಚು. ಮಾಲ್ಟ್ ಡಬ್ಬಿ, ಪ್ರೋಟೀನ್ ಬಿಸ್ಕತ್ತು ಎರಡೂ ಪಟ್ಟಿಯಿಂದ ಹೋಗಿದ್ದವು. ಹೆಚ್ಚಿದ ಸುಮಾರು 16.5 ಗ್ರಾಂ ಕಾಳು ಮತ್ತು ಮೊಸರಿನದು, ಹಾಸ್ಟೆಲ್ ಅನ್ನ ಚಪಾತಿಯ ಲೈಸಿನ್ ಕೊರತೆಯನ್ನು ತುಂಬುವುದೂ ಅವೇ.

ಹನ್ನೊಂದು ಗಂಟೆಯ ಹಸಿವು ಹೋಗಿತ್ತು. ಆದರೆ ಮೆಟ್ಟಿಲು ಹತ್ತಿದಾಗಿನ ಸುಸ್ತು ಇಳಿದಿರಲಿಲ್ಲ, ಕೂದಲು ಉದುರುವುದೂ ನಿಂತಿರಲಿಲ್ಲ.

ಈ ಪ್ರಕರಣವನ್ನು ಬರೆಯಲು ನನಗೆ ಮುಖ್ಯ ಕಾರಣ ಇದೇ. ಮೊದಲ ಭೇಟಿಯಲ್ಲೇ ಅವಳ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡದ್ದು ಕಂಡು ರಕ್ತ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಹೋಗು ಎಂದಿದ್ದೆ. ಪರೀಕ್ಷೆ, ಹಬ್ಬ, ಊರು ಎಂದು ಮುಂದೂಡುತ್ತ ಬಂದಿದ್ದವಳು ಈಗ ಹೋದಳು. ಹಿಮೋಗ್ಲೋಬಿನ್ 9.6 ಇತ್ತು. ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರೋಟೀನ್ ಕಡಿಮೆಯಿದ್ದದ್ದು ನಿಜ, ಆದರೆ ಸುಸ್ತಿಗೆ ಹೆಚ್ಚಿನ ಕಾರಣ ಅದಾಗಿರಲಿಲ್ಲ. ಯಾವ ಪ್ಯಾಕೆಟ್ಟಿನ ಹಿಂಬದಿಯಲ್ಲೂ ಇದು ಕಾಣುವಂಥದ್ದಲ್ಲ. ಸುಸ್ತು ಎಂದ ಕೂಡಲೇ ಪ್ರೋಟೀನ್ ಡಬ್ಬಿ ಕೊಳ್ಳುವ ಹುಡುಗಿಯರನ್ನು ನೋಡಿದಾಗ ನನಗೆ ಕಳವಳವಾಗುವುದು ಹಣ ಹೋಗುತ್ತದೆಂದಲ್ಲ, ರಕ್ತ ಪರೀಕ್ಷೆ ತಡವಾಗುತ್ತದೆಂದು.

ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಊಟದಲ್ಲಿ ನಾವು ಬದಲಿಸಿದ್ದು ಒಂದೇ ವಿಷಯ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಅವಳಿಗಿತ್ತು. ಚಹಾದ ಒಗರು ಅಂಶ ಕಾಳಿನಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ಆದ್ದರಿಂದ ಚಹಾ ಊಟದಿಂದ ಒಂದು ಗಂಟೆಯಾದರೂ ದೂರ ಹೋಯಿತು. ಉಸುಳಿಯ ಮೇಲೆ ಹಿಂಡುವ ನಿಂಬೆಹಣ್ಣಿನ ಸಿ ವಿಟಮಿನ್ ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ, ಹಾಗಾಗಿ ರುಚಿಗೆ ಹಾಕುತ್ತಿದ್ದ ನಿಂಬೆಯನ್ನು ತಪ್ಪಿಸಬೇಡ ಎಂದೆ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.4. ಮೆಟ್ಟಿಲು ಸಲೀಸಾಗಿತ್ತು. ಕೂದಲಿನ ವಿಷಯದಲ್ಲಿ ಈಗಲೇ ಏನೂ ಹೇಳಲಾಗದು, ಉದುರಿದ್ದು ಮತ್ತೆ ಬೆಳೆಯಲು ತಿಂಗಳುಗಳೇ ಬೇಕು.

ಈ ಊಟದ ಲೆಕ್ಕವನ್ನು ಹಾಗೆಯೇ ಎಲ್ಲರೂ ಎತ್ತಿಕೊಳ್ಳುವಂತಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಇವಳ ರೂಮಿನ ಗೆಳತಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಸೋಯಾ ಆ ಮಾತ್ರೆ ಮೈಗೆ ಹತ್ತುವುದನ್ನು ಕಡಿಮೆ ಮಾಡಬಹುದು, ಆದ್ದರಿಂದ ಅವಳು ಬೆಳಿಗ್ಗೆ ಖಾಲಿ ಹೊಟ್ಟೆಯ ಮಾತ್ರೆಗೂ ಸೋಯಾಕ್ಕೂ ಹಲವು ಗಂಟೆ ಅಂತರ ಇಟ್ಟು ರಾತ್ರಿಯೇ ತಿನ್ನುತ್ತಾಳೆ.

ಪರೀಕ್ಷೆಯ ವಾರದಲ್ಲಿ ಬರೆಸಿಕೊಂಡ ಮೂರನೆಯ ಲೆಕ್ಕ ಮತ್ತೆ 37ಕ್ಕೆ ಇಳಿದಿತ್ತು. ಉಸುಳಿಗೆ ನೆನೆಹಾಕಲು ಮರೆತಿದ್ದಳು, ಸಂಜೆ ಅಡುಗೆ ಮೂಲೆಗೆ ಹೋಗಲು ಹೊತ್ತಿರಲಿಲ್ಲ. ಪುಟಾಣಿ ಮತ್ತು ಮೊಸರಿನಿಂದಾಗಿ ಅಷ್ಟಾದರೂ ನಿಂತಿತು. ಮುಂದಿನ ಪರೀಕ್ಷೆಗೆ ಅವಳೇ ಯೋಜನೆ ಹಾಕಿದ್ದಾಳೆ. ಊರಿಗೆ ಹೋದಾಗ ಅವ್ವನ ಹತ್ತಿರ ಪುಟಾಣಿ, ಶೇಂಗಾ, ಹೆಸರುಕಾಳು ಹುರಿಸಿ, ಬೀಸಿಸಿ ಒಂದು ಡಬ್ಬಿ ಹಿಟ್ಟು ತರುತ್ತಾಳಂತೆ, ಹಾಲಿನಲ್ಲೋ ಮೊಸರಿನಲ್ಲೋ ಕಲಸಿಕೊಂಡು ತಿನ್ನಲು. ಮೂರನ್ನೂ ಸಮ ತೂಕ ಹಾಕಿದರೆ 100 ಗ್ರಾಂ ಹಿಟ್ಟಿಗೆ ಪ್ರೋಟೀನ್ ಎಷ್ಟಾಗುತ್ತದೆಂದು ಫೋನಿನಲ್ಲಿ ಲೆಕ್ಕ ಹೇಳಿದಳು: “22ರ ಸುಮಾರು ಬರ್ತೈತ್ರೀ. ಡಬ್ಬಿ ಮ್ಯಾಲ ಬರದು ಅಂಟಸ್ತೀನಿ, ಒಣಾ ತೂಕ ಅಂತನೂ ಬರೀತೀನಿ.” ಲೆಕ್ಕ ಸರಿಯಾಗಿತ್ತು. ಹಿಟ್ಟಿಗೆ ತೇವ ತಾಗದಂತೆ ನೋಡಿಕೋ, ಶೇಂಗಾ ಸೇರಿದ್ದರಿಂದ ತಿಂಗಳೊಳಗೆ ಮುಗಿಸು, ಕಮಟು ವಾಸನೆ ಬಂದರೆ ಉಳಿದದ್ದನ್ನು ತಿನ್ನಬೇಡ, ಬೀಸಿಸಿದ ತಾರೀಕನ್ನೂ ಅದರ ಮೇಲೆ ಬರೆ ಎಂದು ಹೇಳಿದೆ.